ಅಕ್ಕನ ಮೊಣಕಾಲು, ಸಾಣಾಪುರದ ಕೆರೆ

ಕೊಪ್ಪಳದ ಕೋಟೆ ನೋಡಲು ಮನೆಮಂದಿಯೆಲ್ಲ ಹೋದ ದಿನ ನಮ್ಮಕ್ಕ ಬೆಟ್ಟದ ಬುಡದಲ್ಲಿ ಕುಳಿತು ಎಂಟು ಜನರ ಚೀಲ, ಬುತ್ತಿ ಡಬ್ಬಿ ಕಾಯ್ದಳು. ನಾವು ಹತ್ತಿ ಇಳಿದು ಬರುವ ಹೊತ್ತಿಗೆ ಎರಡು ತಾಸಾಗಿತ್ತು. ಬಂದವರೆಲ್ಲ ನೀರು ಕುಡಿದರು, ಫೋಟೋ ತೋರಿಸಿಕೊಂಡರು. ಅಕ್ಕ ನನ್ನ ಮಗಳನ್ನು ಹತ್ತಿರ ಕರೆದು, ಮೇಲಿಂದ ಏನು ಕಾಣುತ್ತದೆ ಎಂದು ಕೇಳಿದಳು. ಅವಳು ಎಲ್ಲಾ ಕಾಣುತ್ತದೆ ಎಂದಷ್ಟೇ ಹೇಳಿ ಡಬ್ಬಿ ಬಿಚ್ಚಿದಳು. ಅಕ್ಕನ ಮುಖ ಸಣ್ಣದಾಯಿತು, ಮತ್ತೆ ಕೇಳಲಿಲ್ಲ. ಆ ಪ್ರವಾಸ ಗೊತ್ತುಮಾಡಿದವಳು ನಾನೇ. ಹೊರಡುವ ಮುಂಚೆ ಅಕ್ಕನ ಕಾಲು ನನ್ನ ನೆನಪಿಗೇ ಬಂದಿರಲಿಲ್ಲ.

ಅಕ್ಕ ಯಲಬುರ್ಗಿಯಲ್ಲಿ ಹೊಲಿಗೆಯವಳು. ಕಾಲಲ್ಲಿ ತುಳಿಯುವ ಮಷೀನಿನ ಮೇಲೆ ಕುಪ್ಪಸ ಹೊಲಿದು ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದಳು, ನನ್ನ ಡಿ.ಎಡ್. ಕೂಡ ಅದೇ ಮಷೀನಿನದು. ಐವತ್ತೆಂಟಕ್ಕೆ ಎರಡೂ ಮೊಣಕಾಲು ಸವೆದವು, ಬಲಗಾಲು ಜಾಸ್ತಿ. ಮಷೀನಿಗೆ ಮೋಟಾರು ಕೂಡಿಸಿಕೊಂಡಳೇ ಹೊರತು ಕೆಲಸ ಬಿಡಲಿಲ್ಲ. ನೋವಿನ ಬಗ್ಗೆ ಮಾತೂ ಆಡುತ್ತಿರಲಿಲ್ಲ. ಅದಕ್ಕೇ ನಾವು ಮರೆಯುತ್ತಿದ್ದೆವೇನೋ.

ದಸರಾ ಮುಗಿದ ಮೇಲೆ ಒಂದು ದಿನ ಕುಷ್ಟಗಿಗೆ ನಮ್ಮ ಮನೆಗೆ ಬಂದಿದ್ದಳು. ಈ ಸಲದ ರಜೆಗೆ ಎಲ್ಲಿಗಾದರೂ ಹೋಗೋಣವೇ, ಯಾವುದಾದರೂ ಗುಡಿಗೆ, ಎಂದೆ. ಸೌತೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತಿದಳು.

"ಗುಡಿ ಬ್ಯಾಡ. ನನಗ ನೀರು, ಗುಡ್ಡ, ಹಸರು ಗದ್ದಿ ನೋಡಬೇಕಾಗೈತಿ. ನೀವು ನೋಡಿ ಬರೂತನಕ ಗಾಡ್ಯಾಗ ಕೂಡು ಅಂತ ಮಾತ್ರ ಹೇಳಬ್ಯಾಡ."

ನಾನು ಹೂಂ ಅಂದೆ. ಅಂದ ಮೇಲೆ ಸರಿಯಾಗಿಯೇ ಮಾಡಬೇಕಲ್ಲ.

ಮೊದಲು ಅವಳನ್ನು ಕರೆದುಕೊಂಡು ಕೊಪ್ಪಳದ ಫಿಜಿಯೋಥೆರಪಿ ಡಾಕ್ಟರ ಹತ್ತಿರ ಹೋದೆ. ಪ್ರವಾಸಕ್ಕೆ ಬೇಡ ಎನ್ನುತ್ತಾರೆಂಬ ಅಂಜಿಕೆ ನನಗಿತ್ತು. ಅವರು ಹಾಗೆ ಅನ್ನಲಿಲ್ಲ. ನಡೆಯುವುದು ಒಳ್ಳೆಯದೇ, ಆದರೆ ಸಪಾಟು ನೆಲ ಇರಲಿ, ಹತ್ತು ನಿಮಿಷಕ್ಕೊಮ್ಮೆ ಕೂಡಲು ಜಾಗ ಇರಲಿ ಎಂದರು. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಭಾರ ಹೆಚ್ಚು, ಹತ್ತಿದ ಹುಮ್ಮಸ್ಸಿನಲ್ಲಿ ಅದನ್ನು ಮರೆಯಬೇಡಿ ಎಂದರು. ತೀರಾ ಕೆಳಗೆ ಕೂಡುವುದು, ಕುಕ್ಕರಗಾಲು ಬೇಡ. ಗಾಡಿಯಲ್ಲಿ ಒಂದೇ ಸಮನೆ ಕಾಲು ಮಡಚಿ ಕೂತರೆ ಹಿಡಿದುಕೊಳ್ಳುತ್ತದೆ, ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ನೋವು ಬಲಗಾಲಿಗೆ ಹೆಚ್ಚಿರುವುದರಿಂದ ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು. ಅಕ್ಕ ಅಷ್ಟು ದಿನ ಬಲಗೈಯಲ್ಲೇ ಹಿಡಿಯುತ್ತಿದ್ದಳು. ಅಲ್ಲೇ ಕೈ ಬದಲಿಸಿ ಕೋಣೆಯ ತುಂಬ ಎರಡು ಸುತ್ತು ನಡೆದು ನೋಡಿದಳು.

ಇನ್ನು ಜಾಗ. ಹನುಮನಹಳ್ಳಿ, ಆನೆಗೊಂದಿ, ಸಾಣಾಪುರ ಕಡೆಗೆ ಎಂದು ನಿಶ್ಚಯಿಸಿದೆ. ಅಂಜನಾದ್ರಿಯ ಮೆಟ್ಟಿಲುಗಳನ್ನು ಮಾತ್ರ ನೋಡುವ ಜಾಗಗಳ ಚೀಟಿಯಿಂದ ಆಗಲೇ ಹೊಡೆದು ಹಾಕಿದೆ. ಉಳಿದುಕೊಳ್ಳಲು ನಾಲ್ಕು ಕಡೆ ಫೋನು ಮಾಡಿದೆ. ಎಲ್ಲರದೂ ಒಂದೇ ಮಾತು, ಕೆಳಗಿನ ಕೋಣೆ ಐತ್ರಿ, ತ್ರಾಸಿಲ್ಲ ಬರ್ರಿ. ಮೆಟ್ಟಿಲು ಎಷ್ಟು ಎಂದರೆ ಎರಡು ಮೂರು ಎನ್ನುತ್ತಿದ್ದರು. ಕಾಲು ನೋಯದವರಿಗೆ ಎರಡಕ್ಕೂ ಆರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೂ ಕೊಪ್ಪಳದಲ್ಲಿ ಗೊತ್ತಾಗಿರಲಿಲ್ಲ. ಹಾಗಾಗಿ ಒಂದು ರವಿವಾರ ಅಕ್ಕನ ಹೊಲಿಗೆ ಟೇಪು ಇಸಿದುಕೊಂಡು ಗಂಗಾವತಿ ಬಸ್ಸು ಹತ್ತಿದೆ. ಅಲ್ಲಿಂದ ಹನುಮನಹಳ್ಳಿಗೆ ಹೋಗಿ ಒಂದು ಆಟೋ ಮಾತಾಡಿಕೊಂಡೆ.

ಆಟೋದವರಿಗೆ ನನ್ನ ವಯಸ್ಸೇ ಇರಬಹುದು. ಎಲ್ಲಿಗೆ ಹೋದರೂ ನಾನು ಇಳಿದು ಮೆಟ್ಟಿಲು ಎಣಿಸುವುದು, ಟೇಪು ಹಿಡಿಯುವುದು ನೋಡಿ ಮೊದಲು ನಕ್ಕರು. ಮನೆ ಕಟ್ಟಿಸುತ್ತೀರೇನ್ರಿ ಎಂದರು. ಅಕ್ಕನ ವಿಷಯ ಹೇಳಿದೆ. ಆಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿದರು. ಮೊದಲ ವಸತಿಯಲ್ಲಿ ಕೋಣೆ ಕೆಳಗೇ ಇತ್ತು, ಆದರೆ ಮುಂದಿನ ಮೆಟ್ಟಿಲು ಒಂದೊಂದೂ ಮೊಳದೆತ್ತರ, ಹಿಡಿಯಲು ಕಂಬಿ ಇಲ್ಲ. ಎರಡನೆಯದರಲ್ಲಿ ಎಲ್ಲ ಸರಿ, ಪಾಯಖಾನೆ ಮಾತ್ರ ಕುಕ್ಕರಗಾಲಿನದು. ಮೂರನೆಯದು ಗದ್ದೆಯ ಅಂಚಿನ ಮನೆ. ಅಂಗಳದಿಂದ ಒಂದೇ ಮೆಟ್ಟಿಲು, ಅದೂ ಗೇಣಿನಷ್ಟಿಲ್ಲ. ಕಮೋಡ್ ಇತ್ತು, ಮಂಚ ಎತ್ತರವಿತ್ತು. ಆ ಮನೆಯಾಕೆ ಬಚ್ಚಲಲ್ಲಿ ಒಂದು ಗಟ್ಟಿ ಕುರ್ಚಿ ಇಡುವುದಾಗಿ ತಾನೇ ಹೇಳಿದಳು.

ನೋಡುವ ಜಾಗಗಳನ್ನೂ ಹೀಗೇ ಆರಿಸಿದೆ. ಪಂಪಾ ಸರೋವರದ ಹತ್ತಿರದವರೆಗೆ ಗಾಡಿ ಹೋಗುತ್ತದೆ. ಆನೆಗೊಂದಿಯ ಓಣಿಗಳು ಸಪಾಟು, ಕೂಡಲು ಕಟ್ಟೆಗಳಿಗೆ ಬರವಿಲ್ಲ. ಸಾಣಾಪುರದ ಕೆರೆಯಂತೂ ರಸ್ತೆಯ ಪಕ್ಕಕ್ಕೇ ಇದೆ, ಇಳಿದಲ್ಲಿಂದಲೇ ನೀರು, ಅದರಾಚೆ ಗುಡ್ಡ. ಹರಿಗೋಲಿನ ಸವಾರಿಯನ್ನು ಮಾತ್ರ ನಾನು ಚೀಟಿಯಿಂದ ತೆಗೆದೆ. ತಳದಲ್ಲಿ ಕೂಡಬೇಕು, ಹತ್ತುವಾಗ ಇಳಿಯುವಾಗ ಅದು ಓಲಾಡುತ್ತದೆ. ಅಕ್ಕನಿಗೆ ಹೇಳುವ ಅಗತ್ಯವೂ ಇಲ್ಲ ಎಂದುಕೊಂಡೆ.

ದೀಪಾವಳಿ ರಜೆಯಲ್ಲಿ ನಾವಿಬ್ಬರೇ ಹೊರಟೆವು. ಕುಷ್ಟಗಿಯಿಂದ ಒಂದು ಕಾರು ಮಾಡಿದ್ದೆ, ಮುಂದಿನ ಸೀಟು ಹಿಂದಕ್ಕೆ ಸರಿಸಿ ಅಕ್ಕನನ್ನು ಕೂಡಿಸಿದೆ. ತಾವರಗೇರಿಯಲ್ಲಿ ಒಮ್ಮೆ, ಕನಕಗಿರಿಯಲ್ಲಿ ಒಮ್ಮೆ ಇಳಿದು ಚಹಾದ ನೆಪದಲ್ಲಿ ನಡೆದಾಡಿದೆವು. ಮಧ್ಯಾಹ್ನ ಆ ಗದ್ದೆಯ ಅಂಚಿನ ಮನೆಯಲ್ಲಿ ವಿಶ್ರಾಂತಿ, ಸಂಜೆ ಆನೆಗೊಂದಿ. ಓಣಿಯಲ್ಲಿ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಅಕ್ಕ ನಡೆದಳು, ಕೂತಲ್ಲೆಲ್ಲ ಯಾರಾದರೂ ಹೆಂಗಸರು ಮಾತಿಗೆ ಸಿಕ್ಕರು. ಒಬ್ಬಾಕೆಯ ಕುಪ್ಪಸದ ತೋಳು ನೋಡಿ ಕಟಿಂಗ್ ತಪ್ಪಿದೆ ಎಂದೂ ಹೇಳಿದಳು.

ಮರುದಿನ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅದೇ ಆಟೋದವರು ಬಂದರು. ಕಂಬಿ ಹಿಡಿದು ಹತ್ತಲು ಆಟೋ ಅಕ್ಕನಿಗೆ ಸರಿಹೋಯಿತು. ಕುಣಿಗಳಲ್ಲಿ ಅವರು ಗಾಡಿಯನ್ನು ತೊಟ್ಟಿಲಿನ ಹಾಗೆ ನಡೆಸಿದರು. ಕೆರೆಯ ಹತ್ತಿರ ಇಳಿದಾಗ ಬಿಸಿಲು ಇನ್ನೂ ಬಂಡೆಗಳ ಮೇಲೆ ಬಿದ್ದಿರಲಿಲ್ಲ. ಅಕ್ಕ ಕೋಲೂರಿ ನೀರಿನ ಹತ್ತಿರಕ್ಕೆ ನಡೆದಳು. ಆಮೇಲೆ ದಡದಲ್ಲಿದ್ದ ಹರಿಗೋಲುಗಳನ್ನು ಕಂಡಳು.

ಅದರಲ್ಲಿ ಯಾವಾಗ ಹೋಗುವುದು ಎಂದು ಕೇಳಿದಳು. ನಾನು ಅದನ್ನು ಬಿಟ್ಟಿದ್ದೇನೆ, ನಿನ್ನ ಕಾಲಿಗೆ ಆಗುವುದಿಲ್ಲ ಎಂದೆ. ಅವಳ ಮುಖ ಕೊಪ್ಪಳದಲ್ಲಿ ಕಂಡ ಹಾಗೇ ಆಯಿತು. ಆದರೆ ಈ ಸಲ ಸುಮ್ಮನಿರಲಿಲ್ಲ.

"ಕಾಲು ನಂದು. ಆಗ್ತೈತೋ ಇಲ್ಲೋ ನನ್ನ ಕೇಳಿದ್ಯಾ? ಟೇಪ್ ಹಿಡದು ಎಲ್ಲಾ ಅಳದಿ, ನನ್ನ ಒಂದ್ ಮಾತು ಕೇಳಲಿಲ್ಲ."

ಅಷ್ಟು ಓಡಾಡಿ, ಅಷ್ಟು ಲೆಕ್ಕ ಹಾಕಿ, ಕೊನೆಗೆ ನಾನೂ ಅವಳನ್ನು ಬೆಟ್ಟದ ಬುಡದಲ್ಲೇ ಕೂಡಿಸಿದ್ದೆ.

ಹರಿಗೋಲಿನವರು ವಯಸ್ಸಾದ ಮನುಷ್ಯ. ನಮ್ಮ ಮಾತು ಕೇಳಿ ಹತ್ತಿರ ಬಂದರು. ನೀರ ಮೇಲೆ ಹೋಗಿ ಕಷ್ಟಪಡುವುದಕ್ಕಿಂತ ಮೊದಲು ದಡದ ಮೇಲೇ ಕೂತು ನೋಡಲಿ ಎಂದರು. ಒಂದು ಹರಿಗೋಲನ್ನು ಒಣ ನೆಲಕ್ಕೆ ಎಳೆದು ತಂದು, ಅಲ್ಲಾಡದಂತೆ ಸುತ್ತಲೂ ಕಲ್ಲು ಆನಿಸಿದರು. ಒಳಗೆ ಕುರ್ಚಿ ಇಡೋಣವೇ ಎಂದು ನಾನು ಕೇಳಿದ್ದಕ್ಕೆ, ಎತ್ತರ ಕೂತರೆ ಹರಿಗೋಲು ವಾಲುತ್ತದೆ, ಅದನ್ನು ತಾವು ಯಾರಿಗೂ ಬಿಡುವುದಿಲ್ಲ ಎಂದರು.

ನಾವು ಆಚೆ ಈಚೆ ಹಿಡಿದುಕೊಂಡು ಅಕ್ಕನನ್ನು ಒಳಗೆ ಇಳಿಸಿದೆವು. ಕಾಲು ಚಾಚಿ ಕೂತಳು. ಕೂತದ್ದು ಸುಖವಾಗಿಯೇ ಇತ್ತು, ಅವಳು ನಕ್ಕಳು ಕೂಡ. ಏಳುವಾಗ ಗೊತ್ತಾಯಿತು. ಒಮ್ಮೆ ಪ್ರಯತ್ನಿಸಿದಳು, ಇನ್ನೊಮ್ಮೆ. ಮೂರನೆಯ ಸಲ ನಾನು ಮತ್ತು ಆಟೋದವರು ರಟ್ಟೆಗೆ ಕೈ ಹಾಕಿ ಎತ್ತಿದೆವು. ನೋವಿಗೆ ಅವಳ ಕಣ್ಣು ತುಂಬಿದ್ದವು. ಅಲ್ಲಿದ್ದ ಬಂಡೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡಳು, ನೀರಿನ ಕಡೆ ನೋಡಿದಳು.

"ಆಗಂಗಿಲ್ಲ ಬಿಡು," ಎಂದಳು. "ನೆಲದ ಮ್ಯಾಲೆ ಏಳಾಕ ಬರಲಿಲ್ಲ, ನೀರಾಗ ಹ್ಯಾಂಗ ಎದ್ದೇನು."

ನಾನು ಹೇಳಿದ್ದೂ ಅದೇ ಮಾತು. ಆದರೂ ಅವಳು ಹೇಳಿದಾಗ ಅದು ಬೇರೆಯೇ ಆಗಿತ್ತು. ಸೋತವಳ ಧ್ವನಿ ಅದಾಗಿರಲಿಲ್ಲ. ಬಟ್ಟೆ ಸಾಲದು, ಬೇರೆ ತನ್ನಿ ಎಂದು ಗಿರಾಕಿಗೆ ಹೇಳುವಾಗಿನ ಧ್ವನಿ. ನಾನು ಅವಳ ಪಕ್ಕ ಕೂತು ತಪ್ಪಾಯಿತು ಎಂದೆ. ಅವಳು ಆಟೋದವರ ಕಡೆ ತಿರುಗಿ, ಮೇಲಿನಿಂದ ಇದೆಲ್ಲ ಕಾಣುವ ಜಾಗ ಯಾವುದಾದರೂ ಇದೆಯೇ ಎಂದು ವಿಚಾರಿಸಿದಳು.

ಅವರು ರಸ್ತೆಯ ಕಡೆ ಕೈ ತೋರಿಸಿದರು.

"ಮೆಟ್ಲಾ ಪಾವಟಿಗಿ ಹತ್ತೂದು ಬ್ಯಾಡ್ರಿ ಅಕ್ಕಾರ. ರಸ್ತಾನ ಗುಡ್ಡ ಹತ್ತೂ ಕಡೆ ಒಂದ್ ಜಾಗ ಐತಿ. ನೀವು ಕುಂತಲ್ಲೇ ಕುಂದರ್ರಿ, ಗಾಡಿ ಹತ್ತತೈತಿ."

ಆ ಜಾಗ ನನ್ನ ಚೀಟಿಯಲ್ಲಿ ಇರಲಿಲ್ಲ. ಪ್ರಸಿದ್ಧವಾದ ಹೆಸರೂ ಅದಕ್ಕಿಲ್ಲ. ಬಂಡೆಗಳ ನಡುವೆ ರಸ್ತೆ ಏರುತ್ತ ಹೋಗಿ ಒಂದು ತಿರುವಿನಲ್ಲಿ ಅಗಲವಾಗುತ್ತದೆ. ಅಲ್ಲಿ ಗಾಡಿಯನ್ನು ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ ಆಟೋದವರು ಮೊದಲು ತಾವು ಇಳಿದು, ಕಾಲಿಗೆ ತೊಡರುವ ಹರಳುಗಳನ್ನು ಚಪ್ಪಲಿಯಿಂದ ಸರಿಸಿದರು. ಅಕ್ಕ ಕೋಲು ಎಡಗೈಗೆ ತೆಗೆದುಕೊಂಡಳು. ನಾನು ಕೈ ಚಾಚಿದೆ, ಬೇಡವೆಂದಳು. ಸುಮಾರು ನಲವತ್ತು ಹೆಜ್ಜೆ, ಒಬ್ಬಳೇ ನಡೆದು ಸೊಂಟದೆತ್ತರದ ಒಂದು ಬಂಡೆಗೆ ಆನಿಕೊಂಡು ನಿಂತಳು.

ಕೆಳಗೆ ಕಾಲುವೆ ಹರಿದ ಕಡೆಯೆಲ್ಲ ಗದ್ದೆ, ಅರ್ಧ ಹಸಿರು, ಅರ್ಧ ಹಳದಿಗೆ ತಿರುಗಿದ್ದು. ಒಂದು ಕಡೆ ಕೆರೆಯ ನೀರಿನ ತುಂಡು, ಅದರಲ್ಲಿ ಬೊಟ್ಟಿನಷ್ಟು ಹರಿಗೋಲುಗಳು. ಎಲ್ಲದರ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗುಡ್ಡಗಳು. ಅಕ್ಕ ಮೊಬೈಲು ತೆಗೆದು ನನ್ನ ಮಗಳಿಗೆ ವೀಡಿಯೋ ಫೋನು ಹಚ್ಚಿದಳು. ಕೋಟೆಯ ಮೇಲಿಂದ ಎಲ್ಲಾ ಕಾಣುತ್ತದೆ ಅಂದಿದ್ದ ಅದೇ ಹುಡುಗಿಗೆ, ಇಲ್ಲಿ ಏನೇನು ಕಾಣುತ್ತದೆ ಎಂದು ಒಂದೊಂದಾಗಿ ಹೇಳಿದಳು. ಗದ್ದೆಯ ಬಣ್ಣ ಹೇಳುವಾಗ ಯಾವ ಸೀರೆಯ ಅಂಚಿನದು ಎಂಬುದನ್ನೂ ಸೇರಿಸಿದಳು. ಬಿಸಿಲು ಏರುವವರೆಗೆ ಅಲ್ಲೇ ಇದ್ದೆವು. ನನ್ನಕ್ಕನ ಪಕ್ಕದಲ್ಲಿ ನಿಂತಾಗ ನನಗೆ ಆದ ಹೆಮ್ಮೆ, ನೌಕರಿ ಆದೇಶ ಕೈಗೆ ಬಂದ ದಿನವೂ ಆಗಿರಲಿಲ್ಲ.

ಈಗ ಯಲಬುರ್ಗಿಯಲ್ಲಿ ಅಳತೆ ಕೊಡಲು ಬರುವ ಹೆಂಗಸರಿಗೆಲ್ಲ ಆ ಪ್ರವಾಸದ ಕಥೆ ಗೊತ್ತು. ಮೊಣಕಾಲು ನೋವಿನ ನಾಲ್ವರು ಅವಳ ಜೊತೆಗೆ ಸೇರಿದ್ದಾರೆ. ಮುಂದಿನ ತಿಂಗಳು ಇಟಗಿಯ ಹಳೆಯ ಕಲ್ಲಿನ ಗುಡಿಗೆ ಹೋಗುವವರಿದ್ದಾರೆ. ಗುಡಿ ಬೇಡ ಎನ್ನುತ್ತಿದ್ದವಳು ಈಗ ಆ ಗುಡಿಯ ಹೊರಗಿನ ಕೆತ್ತನೆಯನ್ನು ಸುತ್ತಲೂ ನೆಲದ ಮೇಲೆ ನಡೆಯುತ್ತ ನೋಡಬಹುದು ಎಂದು ಕೇಳಿ ತಿಳಿದುಕೊಂಡಿದ್ದಾಳೆ. ಮೊನ್ನೆ ನಾನು ಹೋದಾಗ ಅವಳು ಗಾಡಿಯವರ ಜೊತೆ ಫೋನಿನಲ್ಲಿದ್ದಳು. ಸೂಜಿಯನ್ನು ತುಟಿಯಿಂದ ತೆಗೆದು ಕೇಳುತ್ತಿದ್ದಳು.

"ತ್ರಾಸಿಲ್ಲ ಅನಬ್ಯಾಡ್ರಿ. ಗಾಡಿ ನಿಂತಲ್ಲಿಂದ ಎಷ್ಟ್ ಹೆಜ್ಜಿ, ಅದನ್ನ ಹೇಳ್ರಿ. ನಡುವ ಕೂಡಾಕ ಏನೈತಿ? ಪಾಯಖಾನಿ ಎಂಥಾದ್ದು?"

ಆ ಕಡೆಯವರು ಏನೋ ಹೇಳಿದರು. ಅಕ್ಕ ನನಗೆ ಪೆನ್ನು ತರಲು ಸನ್ನೆ ಮಾಡಿದಳು.