ಹೊಟ್ಟೆ ಹೊತ್ತು ದಾನಕ್ಕೆ ಹೋದದ್ದು

ಅಮ್ಮನಿಗೆ ಲಿವರ್ ಬದಲಿಸದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನಂದು ತಗೊಳ್ಳಿ" ಎಂದೆ. ಹೊರಗಿನ ಬೆಂಚಿನಲ್ಲಿ ಕೂತಿದ್ದವರಿಗೂ ಕೇಳಿಸುವಷ್ಟು ಜೋರಾಗಿ ಎಂದೆ. ಅವರಿಗೆ ಕೇಳಿಸಲಿ ಎಂಬ ಆಸೆಯೂ ನನಗೆ ಸ್ವಲ್ಪ ಇತ್ತು.

ಅಮ್ಮನದು ಕುಡಿತದಿಂದ ಬಂದ ಕಾಯಿಲೆಯಲ್ಲ. ದೇಹದ ಕಾವಲು ಪಡೆಯೇ ತಪ್ಪು ತಿಳಿದು ಸ್ವಂತ ಲಿವರಿನ ಮೇಲೆ ಬೀಳುವ ರೋಗವಂತೆ. ಎಂಟು ವರ್ಷ ಮಾತ್ರೆಯಲ್ಲಿ ಕಳೆದಿತ್ತು, ಇನ್ನು ಮಾತ್ರೆ ಸಾಲದು. ಬದುಕಿರುವವರ ಲಿವರಿನ ಒಂದು ಭಾಗ ಕತ್ತರಿಸಿ ಕೂರಿಸಿದರೆ ಎರಡು ಕಡೆಯೂ ಅದು ಮತ್ತೆ ಬೆಳೆಯುತ್ತದೆ ಎಂದು ಕೇಳಿ ನನಗೆ ಇನ್ನಷ್ಟು ಧೈರ್ಯ ಬಂತು. ಕಳೆದುಕೊಳ್ಳದೆ ತ್ಯಾಗಿ ಎನಿಸಿಕೊಳ್ಳುವ ಅವಕಾಶ ಮನುಷ್ಯನಿಗೆ ಎಷ್ಟು ಸಲ ಸಿಗುತ್ತದೆ? ವಿಜಯನಗರದ ನಮ್ಮ ಬೀದಿಯಲ್ಲಿ ಎರಡೇ ದಿನಕ್ಕೆ ಸುದ್ದಿ ಹರಡಿತು. ಹಾಲಿನ ಬೂತಿನವರು ಕೂಡ "ಮಗ ಅಂದ್ರೆ ಹಿಂಗಿರ್ಬೇಕು" ಎಂದರು. ಹರಡಿದವನು ನಾನೇ.

ಪರೀಕ್ಷೆಯ ಮೊದಲ ದಿನ ಒಂದು ಫಾರಂ ಕೊಟ್ಟರು. ಅದರಲ್ಲಿ ಸೊಂಟದ ಸುತ್ತಳತೆ ಎಂಬ ಖಾಲಿ ಜಾಗವಿತ್ತು. ಮೂವತ್ತನಾಲ್ಕು ಎಂದು ಬರೆದೆ. ಮದುವೆಯ ವರ್ಷದಿಂದ ನನ್ನ ಪ್ಯಾಂಟಿನ ಅಳತೆ ಮೂವತ್ತನಾಲ್ಕೇ. ಈ ವಿಷಯದಲ್ಲಿ ನನಗೆ ಗುಪ್ತ ಜಂಬವೂ ಇತ್ತು. ಆಫೀಸಿನಲ್ಲಿ ನನ್ನ ಜೊತೆ ಫೈಲು ನೋಡುವವರೆಲ್ಲ ನಲವತ್ತರ ಆಚೆ ಹೋಗಿದ್ದರು. ನರ್ಸಮ್ಮ ಟೇಪು ಹಿಡಿದು ಬಂದಾಗ ಬೆಲ್ಟಿನ ಮೇಲೆ ಕೈ ತೋರಿಸಿದೆ.

"ಅಲ್ಲಲ್ಲ ಸಾರ್, ಅದು ಹೊಟ್ಟೆ ಕೆಳಗೆ. ಪ್ಯಾಂಟ್ ಅಲ್ಲಿ ಜಾರಿ ನಿಂತಿದೆ ಅಷ್ಟೆ. ಶರ್ಟ್ ಎತ್ತಿ. ಉಸಿರು ಬಿಡಿ. ಸಾರ್, ಬಿಡಿ ಅಂದೆ, ಎಳ್ಕೊಳ್ಳಿ ಅನ್ಲಿಲ್ಲ."

ಬಿಟ್ಟೆ. ಮೂವತ್ತೊಂಬತ್ತು. ಹಿಂಬದಿಯ ಸುತ್ತ ಅಳೆದರು, ಮೂವತ್ತೇಳು. ಇಷ್ಟು ವರ್ಷ ಬದಲಾಗದೆ ಉಳಿದದ್ದು ನನ್ನ ಸೊಂಟವಲ್ಲ, ಪ್ಯಾಂಟು ಮಾತ್ರ. ಹೊಟ್ಟೆ ಬೆಳೆದ ಹಾಗೆಲ್ಲ ಪ್ಯಾಂಟನ್ನು ಒಂದೊಂದು ಬೆರಳು ಕೆಳಗೆ ಇಳಿಸುತ್ತಾ ಬಂದಿದ್ದೆ. ಕಡ್ಡಿಯಂಥ ಕಾಲು, ಸಣಕಲು ತೋಳು, ನಡುವೆ ಮಾತ್ರ ಏಳು ತಿಂಗಳು.

ಸ್ಕ್ಯಾನ್ ಬಂದ ಮೇಲೆ ಡಾಕ್ಟರು ನನ್ನನ್ನು ಒಬ್ಬನನ್ನೇ ಕರೆದು ಕೂರಿಸಿದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ.

"ನಿಮ್ಮ ಲಿವರಲ್ಲಿ ಕೊಬ್ಬು ಜಾಸ್ತಿ ಇದೆ ಸಾರ್. ಇಂಥದ್ದನ್ನ ತೆಗೆದು ಹಾಕಿದ್ರೆ ಅಮ್ಮಂಗೆ ಅದು ಸರಿಯಾಗಿ ಕೆಲಸ ಮಾಡ್ದೆ ಹೋಗ್ಬೋದು. ನಿಮ್ಮಲ್ಲಿ ಉಳಿದ ಭಾಗಾನೂ ಒಬ್ಬಂಟಿಯಾಗಿ ನಿಭಾಯಿಸೋದು ಕಷ್ಟ. ಬೇರೆ ಯಾರೂ ಇಲ್ವಾ?"

"ತಂಗಿ ಇದಾಳೆ. ನಂದಿನಿ ಲೇಔಟಲ್ಲಿ. ಅದೇ ಬ್ಲಡ್ ಗ್ರೂಪು," ಎಂದವನು ನಕ್ಕೆ. "ಆದ್ರೆ ಮೇಡಂ, ನಂದೇ ಹಿಂಗಿದ್ರೆ ಅವಳದ್ದು ಕೇಳೋ ಹಾಗೇ ಇಲ್ಲ. ನನಗಿಂತ ಗಿಡ್ಡ, ತೂಕ ನನಗಿಂತ ಒಂದು ಕೆಜಿ ಜಾಸ್ತಿ."

ತಂಗಿಯನ್ನು ನಾನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಕುಂಬಳಕಾಯಿ ಎಂದೇ. ಅವಳು ಸ್ಕೂಟರಿನ ಹಿಂದೆ ಕೂತರೆ ಟಯರಿಗೆ ಗಾಳಿ ಹೊಡೆಸಬೇಕು ಎಂಬುದು ನನ್ನ ಇಪ್ಪತ್ತು ವರ್ಷ ಹಳೆಯ ಹಾಸ್ಯ. ಅದಕ್ಕೆ ನಗುವವನು ಈಗ ನಾನೊಬ್ಬನೇ ಉಳಿದಿದ್ದೆ.

"ತೂಕ ಜಾಸ್ತಿ ಅಂದ್ರಲ್ಲ, ಎಲ್ಲಿ ದಪ್ಪ?" ಎಂದು ಡಾಕ್ಟರು ಕೇಳಿದರು.

ನಾನು ತಡವರಿಸಿ ಕೈಯಲ್ಲೇ ಅಗಲ ತೋರಿಸಿದೆ. ತೊಡೆ, ಹಿಂಬದಿ.

"ಅದೇ ಬೇರೆ ಸಾರ್. ಹೆಂಗಸರ ದೇಹದಲ್ಲಿ ಈಸ್ಟ್ರೋಜೆನ್ ಅನ್ನೋ ಹಾರ್ಮೋನು ಮಿಕ್ಕಿದ ಕೊಬ್ಬನ್ನ ಹೆಚ್ಚಾಗಿ ತೊಡೆಗೆ, ಹಿಪ್ಪಿಗೆ, ಚರ್ಮದ ಕೆಳಗೆ ಕಳಿಸತ್ತೆ. ಬಸಿರು, ಬಾಣಂತನ, ಮಗೂಗೆ ಹಾಲು, ಇದಕ್ಕೆಲ್ಲ ಬೇಕಾಗತ್ತೆ ಅಂತ ಎತ್ತಿಟ್ಟ ದಾಸ್ತಾನು ಅದು. ಅಲ್ಲಿ ಸೇರಿದ್ದು ಸುಲಭವಾಗಿ ರಕ್ತಕ್ಕೆ ವಾಪಸ್ ಬರಲ್ಲ, ಕೂತಲ್ಲೇ ಕೂತಿರತ್ತೆ. ಅದು ಒಂಥರಾ ಕಾಪಾಡತ್ತೆ ಕೂಡ. ಗಂಡಸರಿಗೆ ಆ ಜಾಗ ಕಮ್ಮಿ. ನಿಮ್ಮದು ಹೊಟ್ಟೆ ಒಳಗೆ ಕರುಳಿನ ಸುತ್ತ ಸೇರತ್ತೆ. ಅಲ್ಲಿಂದ ಕರಗಿ ಬರೋ ಕೊಬ್ಬು ಮೊದಲು ಹೋಗೋದೇ ಲಿವರಿಗೆ. ಆಮೇಲೆ ಶುಗರ್, ಬಿಪಿ, ಹಾರ್ಟು. ನಮ್ಮ ಕಡೆ ಜನಕ್ಕೆ ತೂಕ ಅಷ್ಟೇನೂ ಇಲ್ದೇ ಇದ್ರೂ ಹೀಗಾಗತ್ತೆ."

"ಹಂಗಾದ್ರೆ ಅವಳು ಎಷ್ಟು ತಿಂದ್ರೂ ಪರವಾಗಿಲ್ವಾ?" ನನ್ನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು.

"ಹಾಗಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಕೊಬ್ಬು ಹೊಟ್ಟೆ ಕಡೆ ಬರತ್ತೆ. ಈಗಲೂ ಕೆಲವರಿಗೆ ಹೊಟ್ಟೇಲೇ ಇರತ್ತೆ. ನೋಡಿ ಹೇಳೋಕಾಗಲ್ಲ, ಟೆಸ್ಟ್ ಮಾಡ್ಬೇಕು. ಅದಕ್ಕೇ ಹೇಳ್ತಿರೋದು, ಅವರನ್ನ ಒಂದ್ಸಲ ಕರ್ಕೊಂಡ್ ಬನ್ನಿ. ನೀವು ಎರಡು ತಿಂಗಳು ಹೊಟ್ಟೆ ಇಳಿಸಿ. ಒಳಗಿನ ಕೊಬ್ಬು ಬೇಗ ಕರಗತ್ತೆ, ಅದೊಂದು ಸಮಾಧಾನ. ಅಮ್ಮ ಈಗ ಸ್ಥಿರವಾಗಿದಾರೆ, ಆದ್ರೆ ಹಾಗೇ ಇರ್ತಾರೆ ಅಂತ ನಾನು ಹೇಳಲಾರೆ."

ಇಷ್ಟು ಬಿಡಿಸಿ ಹೇಳಿದ್ದರಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಒಂದೇ ಮಾತು, ಬೇಗ ಕರಗತ್ತೆ. ಮನೆಗೆ ಬಂದು ಅಮ್ಮನಿಗೆ ತಂಗಿಯ ವಿಷಯ ಹೇಳಿದೆನಾದರೂ, ಹೇಳಿದ ಶೈಲಿ ಬೇಡ ಎನ್ನಿಸಿಕೊಳ್ಳಲೆಂದೇ ಇತ್ತು. ಅಮ್ಮನೂ ಬೇಡ ಎಂದಳು.

"ಕೊಟ್ಟ ಹೆಣ್ಣು ಕಣೋ. ಎರಡು ಮಕ್ಕಳ ತಾಯಿ. ಹೊಟ್ಟೆ ಕುಯ್ಸಿ ಕಳಿಸಿದ್ರೆ ಬೀಗರಿಗೆ ಏನು ಮುಖ ತೋರಿಸ್ಲಿ? ಮಗ ನೀನಿದೀಯಲ್ಲ."

ಮಗ ಇದ್ದೆ. ಮರುದಿನ ಮುಂಜಾನೆಯಿಂದ ಮಲ್ಲತ್ತಹಳ್ಳಿ ಕೆರೆಯ ಸುತ್ತ ಓಡತೊಡಗಿದೆ. ಹೊಸ ಬೂಟು, ಹಣೆಗೆ ಪಟ್ಟಿ, ಹೆಜ್ಜೆ ಎಣಿಸುವ ವಾಚು, ಎಲ್ಲ ಬಂತು. ಮೊದಲ ವಾರ ಓಡುತ್ತಿದ್ದ ನನ್ನನ್ನು ಕೋಲು ಹಿಡಿದು ವಾಕಿಂಗ್ ಬರುತ್ತಿದ್ದ ಹಿರಿಯರೊಬ್ಬರು ದಾಟಿ ಮುಂದೆ ಹೋದರು. ಎರಡನೆಯ ವಾರ ಅವರ ಜೊತೆಗೇ ಇದ್ದೆ. ಅನ್ನ ಅರ್ಧವಾಯಿತು, ಸಂಜೆಯ ಬೋಂಡಾ ಸೊನ್ನೆಯಾಯಿತು. ಬೋಂಡಾ ಅಂಗಡಿಯವನ ಮುಂದೆ ಹೋಗುವಾಗ "ಅಮ್ಮಂಗೆ ಲಿವರ್ ಕೊಡ್ಬೇಕಲ್ಲ, ಅದಕ್ಕೆ ಬಿಟ್ಟಿದೀನಿ" ಎಂದು ಅವನು ಕೇಳದಿದ್ದರೂ ಹೇಳುತ್ತಿದ್ದೆ. ಪ್ರತಿ ಭಾನುವಾರ ಹೊಕ್ಕುಳಿನ ಮೇಲೆ ಟೇಪು ಹಿಡಿದು ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕುತ್ತಿದ್ದೆ. ತಂಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದಳು, ಅಷ್ಟೆ. ಅಳತೆ ನಿಜವಾಗಿಯೂ ಇಳಿಯುತ್ತಿತ್ತು, ಮೂವತ್ತೆಂಟೂವರೆ, ಮೂವತ್ತೆಂಟು, ಮೂವತ್ತೇಳೂವರೆ.

ಅಮ್ಮನ ಹೊಟ್ಟೆ ಮಾತ್ರ ಏರುತ್ತಿತ್ತು. ಅವಳದು ಕೊಬ್ಬಲ್ಲ, ನೀರು. ನಾನು ನನ್ನ ಹೊಟ್ಟೆ ಅಳೆಯುವ ಸಂಭ್ರಮದಲ್ಲಿ ಅದನ್ನು ಸರಿಯಾಗಿ ನೋಡಿರಲಿಲ್ಲ.

ಐದನೆಯ ವಾರದ ಒಂದು ಬೆಳಿಗ್ಗೆ ಓಡಿ ಬಂದು ಬೂಟು ಬಿಚ್ಚುತ್ತಿದ್ದೆ. ಅಮ್ಮ ಹಾಸಿಗೆಯಲ್ಲಿ ಕೂತು ನನ್ನನ್ನೇ ನೋಡಿ, "ಯಾರ್ರೀ ನೀವು? ನನ್ನ ಮಗ ಮನೇಲಿಲ್ಲ, ಆಮೇಲೆ ಬನ್ನಿ" ಎಂದಳು. ತಮಾಷೆ ಎಂದುಕೊಂಡೆ. ಅವಳ ಕೈ ಬೀಸಣಿಗೆಯ ಹಾಗೆ ನಡುಗುತ್ತಿತ್ತು. ಲಿವರು ಸೋಸಬೇಕಾದ ವಿಷ ತಲೆಗೆ ಏರಿದರೆ ಹೀಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆ ದಿನದಷ್ಟು ಭಯವನ್ನು ನಾನು ಇನ್ನೆಂದೂ ಪಟ್ಟಿಲ್ಲ. ಆಟೋದಲ್ಲಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಾಗ, ಹೊಟ್ಟೆ ಇಳಿಸಿದ ಹೆಮ್ಮೆಯೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮತ್ತೆ ನನ್ನ ಸ್ಕ್ಯಾನ್ ಆಯಿತು. ಕೊಬ್ಬು ಇಳಿದಿದೆ, ಇನ್ನೂ ಸಾಲದು, ಮೂರು ವಾರ ಬೇಕು ಎಂದರು. ಅಮ್ಮನಲ್ಲಿ ಮೂರು ವಾರ ಇರಲಿಲ್ಲ.

ಅಷ್ಟು ಹೊತ್ತಿಗೆ ನಂದಿನಿ ಲೇಔಟಿನಿಂದ ತಂಗಿ ಬಂದಿದ್ದಳು. ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ನೇರವಾಗಿ ನರ್ಸಮ್ಮನ ಮೇಜಿಗೆ ಹೋಗಿ, "ಮಗಳು ನಾನು. ನಂದು ಟೆಸ್ಟ್ ಮಾಡಿ" ಎಂದಳು. ಅವಳ ಗಂಡ, ನಮ್ಮ ಬಾವನವರು, ಕೈಚೀಲ ಹಿಡಿದು ಹಿಂದೆ ನಿಂತಿದ್ದರು. ಬೀಗರ ಮುಖದ ಬಗ್ಗೆ ನಾವು ಅಷ್ಟೆಲ್ಲ ಚಿಂತೆ ಮಾಡಿದ್ದೆವಲ್ಲ, ಬಾವನ ಮುಖದಲ್ಲಿ ಅಮ್ಮನ ಬಗೆಗಿನ ಆತಂಕ ಬಿಟ್ಟು ಬೇರೇನೂ ಕಾಣಲಿಲ್ಲ.

ಟೇಪು ಅವಳ ಸೊಂಟಕ್ಕೆ ಮೂವತ್ತೆರಡು ಎಂದಿತು, ಹಿಂಬದಿಗೆ ನಲವತ್ತನಾಲ್ಕು. ರಕ್ತ, ಸ್ಕ್ಯಾನ್, ಹೃದಯ ಎಲ್ಲ ನೋಡಿದರು. ಮೂರನೆಯ ದಿನ ಡಾಕ್ಟರು ವರದಿ ಹಿಡಿದು ಬಂದು ನನ್ನ ಕಡೆಗೂ ಒಮ್ಮೆ ನೋಡಿ ಹೇಳಿದರು, "ಇವರ ಲಿವರಲ್ಲಿ ಕೊಬ್ಬೇ ಇಲ್ಲ ಅನ್ನಬೇಕು. ತುಂಬ ಚೆನ್ನಾಗಿದೆ." ನಾನು ಇಪ್ಪತ್ತು ವರ್ಷ ನೋಡಿ ನಕ್ಕ ತೊಡೆಗಳು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವು. ನಾಚಿಕೆಯಾಯಿತು. ಖುಷಿಯೂ ಆಯಿತು. ಯಾವುದು ಮೊದಲು ಎಂದು ಕೇಳಿದರೆ ನಾಚಿಕೆಯೇ ಮೊದಲು, ನಾನು ಅಂಥವನೇ.

ಆಪರೇಷನ್ ಆಯಿತು. ಈಗ ಒಂದು ವರ್ಷ ಕಳೆದಿದೆ, ಅಮ್ಮ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಾ ಯಾರನ್ನೋ ಬೈಯುತ್ತಿದ್ದಾಳೆ. ತಂಗಿ ಕೆಲಸಕ್ಕೆ ಹೋಗುತ್ತಿದ್ದಾಳೆ. ನಾನು ಓಡುವುದನ್ನು ಬಿಟ್ಟಿಲ್ಲ, ಫೋಟೋ ಹಾಕುವುದನ್ನು ಬಿಟ್ಟಿದ್ದೇನೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆಪರೇಷನ್ನಿನ ಹಿಂದಿನ ದಿನ.

ದಾನ ಮಾಡುವವರು ಸ್ವಂತ ಮನಸ್ಸಿನಿಂದ ಮಾಡುತ್ತಿದ್ದಾರೆಯೇ ಎಂದು ವಿಚಾರಿಸುವ ಸಮಿತಿಯೊಂದಿದೆ. ಕ್ಯಾಮೆರಾ ಇಟ್ಟು ಕೇಳುತ್ತಾರೆ. ಮೊದಲು ತಂಗಿಯನ್ನು ಒಬ್ಬಳನ್ನೇ ಕೇಳಿ, ಆಮೇಲೆ ಬಾವನನ್ನೂ ನನ್ನನ್ನೂ ಕರೆದು ಅವಳ ಪಕ್ಕ ಕೂರಿಸಿದರು. ಮೇಜಿನ ಆಚೆ ಇದ್ದ ಹಿರಿಯ ಹೆಂಗಸು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಕೇಳಿದರು.

"ಮನೆಯವರು ಯಾರಾದ್ರೂ ಒತ್ತಾಯ ಮಾಡಿದ್ರೇನಮ್ಮಾ? ಅಣ್ಣ ಏನಾದ್ರೂ ಹೇಳಿದ್ರಾ?"

"ಇಲ್ಲ ಮೇಡಂ," ಎಂದಳು ತಂಗಿ. "ನನ್ನ ಯಾರೂ ಕೇಳೇ ಇಲ್ಲ. ಕೇಳಿದ್ದಿದ್ರೆ ಮೊದಲನೇ ದಿನಾನೇ ಬರ್ತಿದ್ದೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಹಿರಿಯರು ಹಾಳೆ ಮಗುಚಿ ತಾರೀಖುಗಳನ್ನು ನೋಡಿ, ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಮ್ಮಂಗೆ ಇಷ್ಟು ಹುಷಾರಿಲ್ಲ. ಐದು ವಾರ ನೀವೇನು ಮಾಡ್ತಾ ಇದ್ರಿ?"

"ಓಡ್ತಾ ಇದ್ದೆ ಮೇಡಂ," ಎಂದೆ.