ಜಡೆ ಉಳಿಯಿತು, ಮುಖದ ಕೆಂಪು ಹೋಯಿತು

"ನನ್ನ ಜಡೆ ಬರಿ ಕಣೇ. ಮುಖಕ್ಕೆ ಒಂಚೂರು ರಕ್ತ ತುಂಬು. ಹಿಂಗಲ್ಲ, ಮೊದ್ಲು ಇದ್ದ ಹಂಗೆ ನೆನಪಿಟ್ಕೊಳ್ಲಿ ಎಲ್ರೂ" ಅಂದಿದ್ದಳು ನನ್ನ ಗೆಳತಿ. ಕೀಮೋ ಶುರುವಾಗಿ ಆಗಲೇ ಕೂದಲು ಹೋಗಿತ್ತು, ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಜಯನಗರದ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ನಮ್ಮ ಹೆಂಗಸರ ಗುಂಪಿಗೆ ಅವಳೇ ಯಜಮಾನಿ. ಅವಳ ಹುಟ್ಟುಹಬ್ಬಕ್ಕೆ ಎಲ್ಲರೂ ಜೆ.ಪಿ. ನಗರದ ಅವಳ ಮನೆಗೆ ಹೋಗಿ, ಅಲ್ಲೇ ಅವಳ ಚಿತ್ರವಿರುವ ಟೀ ಶರ್ಟ್ ಹಾಕಿಕೊಂಡು, ಅವಳದೇ ಮುಖವಿರುವ ಮಗ್‌ಗಳಲ್ಲಿ ಕಾಫಿ ಕುಡಿಯುವುದೆಂದು ತೀರ್ಮಾನವಾಯಿತು. ಚಿತ್ರ ಬರೆಯುವುದು ನನ್ನ ಕಸುಬು. ಹಾಗಾಗಿ ಕೆಲಸ ನನ್ನ ತಲೆಗೆ ಬಂತು.

ನಾನು ಮುಖಗಳನ್ನು ಮೂರೇ ಮೂರು ಛಾಯೆಗಳಲ್ಲಿ, ಪೋಸ್ಟರಿನಂತೆ ಚಪ್ಪಟೆಯಾಗಿ ಬರೆಯುತ್ತೇನೆ. ಅವಳ ಕೆನ್ನೆಗೆ ಹಚ್ಚಿದ ಕೆಂಪು ಸಿಗಲು ನನಗೆ ನಾಲ್ಕು ದಿನ ಬೇಕಾಯಿತು. ಜಡೆಯನ್ನು ಮಗ್ಗಿನ ಹಿಡಿಯ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಸುತ್ತಿಸಿದೆ. ಅದು ಅಂಚಿನಲ್ಲಿ ಬಿಳಿ ಗೆರೆ ಬಿಟ್ಟು ನಿಲ್ಲಬಾರದಲ್ಲ, ಅದಕ್ಕೆ ಸುತ್ತಲೂ ಮೂರು ಮಿಲಿಮೀಟರ್ ಬ್ಲೀಡ್, ಅಂದರೆ ಹೆಚ್ಚುವರಿ ಅಂಚು ಕೊಟ್ಟು, ಕತ್ತರಿಸುವ ಗೆರೆಯಾಚೆಗೂ ಕೂದಲನ್ನು ಹರಿಸಿದೆ. ಮುಖ ಮಾತ್ರ ಅಂಚಿನಿಂದ ಸಾಕಷ್ಟು ಒಳಗೆ. ಎಂಟಿಂಚು ಅಗಲಕ್ಕೆ ಎರಡು ಸಾವಿರದ ನಾನೂರು ಪಿಕ್ಸೆಲ್, ಅಂದರೆ ಇಂಚಿಗೆ ಮುನ್ನೂರು. ಟೀ ಶರ್ಟಿಗೆ ಹಿನ್ನೆಲೆಯಿಲ್ಲದ ಫೈಲು. ಕೂದಲಂಚಿನ ಮಬ್ಬನ್ನೆಲ್ಲ ಗಟ್ಟಿ ಮಾಡಿದೆ, ಇಲ್ಲದಿದ್ದರೆ ಅಡಿಯಲ್ಲಿ ಹಾಕುವ ಬಿಳಿ ಶಾಯಿ ಅಲ್ಲಿಂದ ಇಣುಕುತ್ತದೆ. ವಾಟ್ಸಾಪ್ ಫೋಟೋ ಕಳಿಸಿ ದೊಡ್ಡದು ಮಾಡಿಕೊಡಿ ಅನ್ನುವ ಗಿರಾಕಿಗಳನ್ನು ವರ್ಷಗಟ್ಟಲೆ ಬೈದವಳು ನಾನು. ನನ್ನ ಫೈಲಿನಲ್ಲಿ ಹುಳುಕು ಹುಡುಕಿ ನೋಡೋಣ ಅನ್ನುವ ಗತ್ತು ನನಗಿತ್ತು.

ಕತ್ರಿಗುಪ್ಪೆಯ ಪ್ರಿಂಟಿಂಗ್ ಅಂಗಡಿಯವರು ಫೋನಿನಲ್ಲಿ ಕೇಳಿದರು. "ಮೇಡಂ, ಕಲರ್ ಪ್ರೊಫೈಲ್ ಎಸ್‌ಆರ್‌ಜಿಬಿ ತಾನೇ? ಒಂದು ಸ್ಯಾಂಪಲ್ ಮಗ್ ಹೊಡೀತೀನಿ, ಬಂದು ನೋಡ್ಕೊಂಡು ಹೋಗಿ."

"ಹದಿನೈದು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ ಸಾರ್. ಎಲ್ಲಾ ಸರಿ ಇದೆ, ಹಾಕ್ಬಿಡಿ" ಅಂದೆ.

ಸರಿ ಇರಲಿಲ್ಲ. ಫೈಲಿನ ಬಣ್ಣಗಳನ್ನು ಹೇಗೆ ಓದಬೇಕೆಂದು ಕಂಪ್ಯೂಟರಿಗೆ ಹೇಳುವ ಚೀಟಿಯೇ ಪ್ರೊಫೈಲ್, ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎಸ್‌ಆರ್‌ಜಿಬಿ. ಹಿಂದೊಮ್ಮೆ ಬೇರೆ ಕೆಲಸಕ್ಕಾಗಿ ನನ್ನ ಕಂಪ್ಯೂಟರಿನಲ್ಲಿ ಹೆಚ್ಚು ಬಣ್ಣ ಹಿಡಿಸುವ ಇನ್ನೊಂದು ಪ್ರೊಫೈಲ್ ಇಟ್ಟಿದ್ದೆ, ಬದಲಿಸಿರಲಿಲ್ಲ. ಸಾಲದ್ದಕ್ಕೆ ಫೈಲು ಉಳಿಸುವಾಗ ಪ್ರೊಫೈಲ್ ಜೊತೆಗಿಡಬೇಕು ಅನ್ನುವ ಟಿಕ್ ಮಾರ್ಕನ್ನು ತೆಗೆದುಬಿಟ್ಟಿದ್ದೆ. ಆ ಚೀಟಿ ಇಲ್ಲದೆ ಹೋದ ಫೈಲನ್ನು ಅಂಗಡಿಯ ಕಂಪ್ಯೂಟರ್ ಎಸ್‌ಆರ್‌ಜಿಬಿ ಎಂದೇ ಓದಿಕೊಂಡಿತು. ಹಾಗೆ ಓದಿದರೆ ಬಣ್ಣಗಳೆಲ್ಲ ಸಪ್ಪೆಯಾಗುತ್ತವೆ, ಅದರಲ್ಲೂ ಕೆಂಪು.

ಟೀ ಶರ್ಟು, ಮಗ್ಗುಗಳ ಡಬ್ಬ ಅಂಗಡಿಯಿಂದ ನೇರ ಅವಳ ಮನೆಗೇ ಬಂತು, ಬಿಚ್ಚಿದ್ದು ಹುಟ್ಟುಹಬ್ಬದ ದಿನ, ಅವಳ ಹಾಲಿನಲ್ಲೇ. ಜಡೆ ಅದ್ಭುತವಾಗಿ ಬಂದಿತ್ತು, ಎಲ್ಲೂ ಬಿಳಿ ಗೆರೆಯಿಲ್ಲ. ಮುಖ ಬೂದಿಯಾಗಿತ್ತು. ಉಳಿದವರಿಗೆ ಏನೂ ಗೊತ್ತಾಗಲಿಲ್ಲ. ನನ್ನ ಶೈಲಿಯೇ ಹಾಗೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು.

"ನಿಂಗೂ ನಾನು ಹಿಂಗೇ ಕಾಣ್ಸೋದು ಅಲ್ವಾ?" ಅಂದಳು. ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿದ್ದು.

ಅಲ್ಲ ಕಣೇ, ಇದು ನನ್ನ ತಪ್ಪು ಅನ್ನಬೇಕಿತ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಮಾನ ಹೋಗುತ್ತದೆಂಬ ಹೆದರಿಕೆ, ಬೇರೇನಲ್ಲ. ಸಂಜೆ ಅಂಗಡಿಯವರನ್ನು ಕೇಳಿದೆ. "ಡಲ್ ಇದೆ ಅನ್ನಿಸ್ತು ಮೇಡಂ. ನಿಮ್ ಸ್ಟೈಲ್ ಅನ್ಕೊಂಡೆ" ಅಂದರು. ಕಂಪ್ಯೂಟರಿನ ಮುಂದೆ ಕುಳಿತು ಫೈಲಿಗೆ ಅದರ ಪ್ರೊಫೈಲ್ ಕೊಟ್ಟು ಎಸ್‌ಆರ್‌ಜಿಬಿಗೆ ಪರಿವರ್ತಿಸಿದೆ. ಕೆನ್ನೆಗೆ ರಕ್ತ ಬಂತು. ಒಂದು ನಿಮಿಷದ ಕೆಲಸ. ಹೊಸ ಮಗ್ ಮಾಡಿಸಿ, ಕೂತು ಎಲ್ಲ ಹೇಳಿಬಿಡಬೇಕು ಅಂದುಕೊಂಡೆ. ನಾಳೆ, ನಾಡಿದ್ದು ಎಂದು ದಿನ ತಳ್ಳಿದೆ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಎರಡನೇ ವಾರ ಅವಳು ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆಯ ದಿನ, ಅವಳ ಮನೆಯವರಿಗೆ ದೊಡ್ಡ ಪ್ರಿಂಟ್ ಹಾಕಿಸಿಕೊಡೋಣವೆಂದು ಸರಿಯಾದ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಹಾಲಿಗೆ ಕಾಲಿಟ್ಟರೆ ಚಿತ್ರ ಆಗಲೇ ಗೋಡೆಯಲ್ಲಿತ್ತು. ಅಂಗಡಿಗೆ ಮನೆಯವರೇ ಫೋನ್ ಮಾಡಿ, ಅಲ್ಲಿ ಉಳಿದಿದ್ದ ಟೀ ಶರ್ಟಿನ ಫೈಲಿನಿಂದ ದೊಡ್ಡ ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿದ್ದರು. ಮಲ್ಲಿಗೆ ಹಾರದ ನಡುವೆ ಅದೇ ಬೂದಿ ಮುಖ.

ಅವಳ ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. "ಇಷ್ಟು ದೊಡ್ಡದು ಮಾಡಿದ್ರೂ ಎಲ್ಲೂ ಒಡೆದಿಲ್ಲ ನೋಡಿ ಆಂಟಿ. ಅಮ್ಮ ಕೊನೇಲಿ ಹೆಂಗಿದ್ರೋ ಹಂಗೇ ಬರ್ದಿದೀರ. ನಂಗೆ ಇದೇ ಬೇಕಿತ್ತು."

ನಾನು ಹೂಂ ಅಂದೆ. ಪೆನ್‌ಡ್ರೈವನ್ನು ಬ್ಯಾಗಿನ ತಳಕ್ಕೆ ತುರುಕಿ, ಊಟದ ಎಲೆಯ ಮುಂದೆ ಹೋಗಿ ಕುಳಿತೆ.