ಹಸಿರು ಬಲ್ಬಿಗೆ ಬಳಿದ ಕೆಂಪು

ನನ್ನ ಗಂಡನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಸೂರುಗಣ್ಣ. ಎಲ್ಲಿಗೆ ಹೋದರೂ ಅವರು ಮೊದಲು ನೋಡುವುದು ಮನುಷ್ಯರ ಮುಖವನ್ನಲ್ಲ, ಸೂರನ್ನು. ನಮ್ಮ ಮದುವೆಯ ಫೋಟೋಗಳಲ್ಲಿ ಅರ್ಧಕ್ಕರ್ಧ ಅವರ ಗದ್ದ ಮಾತ್ರ ಕಾಣುತ್ತದೆ. ಆ ಮದುವೆ ಹಾಲಿನ ಸೂರಿನಲ್ಲಿ ಸ್ಪ್ರಿಂಕ್ಲರ್ ಇತ್ತಂತೆ, ಅದರಲ್ಲಿ ಒಂದು ತಲೆಕೆಳಗಾಗಿ ಕೂತಿತ್ತಂತೆ. ನಾನು ಪಕ್ಕದಲ್ಲಿ ನಿಂತಿದ್ದು ಆಮೇಲೆ ನೆನಪಾಯಿತೇನೋ.

ಇಪ್ಪತ್ತಾರು ವರ್ಷದಿಂದ ಅವರದು ಇದೇ ಕೆಲಸ. ಬೆಂಕಿ ಬಿದ್ದರೆ ಸೂರಿನಿಂದ ತಾನಾಗಿ ನೀರು ಸುರಿಯುವ ಪೈಪುಗಳನ್ನು ಕೂರಿಸುವುದು, ವರ್ಷಕ್ಕೊಮ್ಮೆ ಹೋಗಿ ನೋಡುವುದು, ಸರಿಯಿದ್ದರೆ ವರದಿಗೆ ಸಹಿ ಹಾಕುವುದು. ಅವರು ನಾಲ್ಕು ವರ್ಷದ ಮಗುವಾಗಿದ್ದಾಗ ಅಮ್ಮ ತೀರಿಹೋದರು. ಆಗ ಹದಿಮೂರು ವರ್ಷದ ಅಕ್ಕ ಇವರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬೆಳೆಸಿದರು. ಪೈಪಿನ ಕೆಲಸಕ್ಕೆ ಸೇರಿಸಿದ್ದೂ ಆ ಅಕ್ಕನೇ. ನನ್ನ ಗಂಡ ನನ್ನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ. ಅಕ್ಕನ ಮಾತೆಂದರೆ ಹಾಗಲ್ಲ, ಗೆರೆ ದಾಟುವವರೇ ಅಲ್ಲ.

ಆ ಅಕ್ಕನನ್ನು, ಅಂದರೆ ನನ್ನ ಅತ್ತಿಗೆಯನ್ನು, ಕಟ್ಟಿಕೊಂಡ ಮಹಾನುಭಾವ ಕೆಲಸಕ್ಕೆ ಹೋಗುವ ಹುಡುಗಿಯರಿಗಾಗಿ ಒಂದು ಹಾಸ್ಟೆಲ್ ನಡೆಸುತ್ತಾನೆ. ಕೆಳಗೆ ಅಡುಗೆಮನೆ, ಊಟದ ಹಾಲು. ಮೇಲೆ ಎರಡು ಮಹಡಿಯಲ್ಲಿ ಅರವತ್ತು ಹುಡುಗಿಯರು. ಅದರ ಮೇಲೆ ಇವರದೇ ಮನೆ. ಎದುರಿಗೆ ನಾನು ಅವನನ್ನು ಅಣ್ಣ ಎನ್ನುತ್ತೇನೆ. ಬರೆಯುವಾಗ ಆ ಮರ್ಯಾದೆ ಕೊಡಲು ನನ್ನಿಂದಾಗದು. ನನ್ನ ಗಂಡನಿಗೆ ಭಾವ ಆದವನು, ಭಾವ ಎಂದೇ ಕರೆದುಬಿಡುತ್ತೇನೆ.

ಆ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಕೂರಿಸಿದ್ದು ನನ್ನ ಗಂಡನೇ. ನೀರು ಚಿಮ್ಮುವ ಒಂದೊಂದು ಹೆಡ್ಡೂ ಅವರಿಗೆ ಹೆತ್ತ ಮಕ್ಕಳಷ್ಟು ಗೊತ್ತು. ಕೋಣೆಗಳಲ್ಲಿ ಕೆಳಮುಖವಾಗಿ ಜೋತುಬಿದ್ದವು. ಗಾಡಿ ನಿಲ್ಲಿಸುವ ಜಾಗದಲ್ಲಿ ಪೈಪಿನ ಮೇಲೆ ನೆಟ್ಟಗೆ ನಿಂತವು. ಮೊಗಸಾಲೆಯಲ್ಲಿ ಗೋಡೆಯಿಂದ ಮೂತಿ ಚಾಚಿದವು. ಬಾಗಿಲಲ್ಲೇ ಇರುವ ಆಫೀಸು ಕೋಣೆಯಲ್ಲಿ ಸೂರಿನೊಳಗೆ ಅಡಗಿ, ಕೆಳಗೊಂದು ಚಪ್ಪಟೆ ಬಿಲ್ಲೆ ಮುಚ್ಚಿಕೊಂಡವು. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ, ನೀರು ಹರಡುವ ರೀತಿಯೇ ಬೇರೆ. ಹಾಗೆ ಅಡಗಿದವುಗಳಲ್ಲಿ ಐವತ್ತೇಳು ಡಿಗ್ರಿ ಆಸುಪಾಸಿಗೆ ಬೆಸುಗೆ ಕರಗಿ ಬಿಲ್ಲೆ ಕಳಚಿ ಬೀಳಬೇಕು, ಆಮೇಲೆ ಒಳಗಿನ ಹೆಡ್ಡಿಗೆ ಬಿಸಿ ತಾಗಬೇಕು.

ಹೆಡ್ಡಿನ ಜೀವ ಇರುವುದು ಅದರ ಗಾಜಿನ ಬಲ್ಬಿನಲ್ಲಿ. ಬಲ್ಬು ಅಂದರೆ ದೀಪದ್ದಲ್ಲ. ಪೆನ್ಸಿಲಿಗಿಂತ ಸಪೂರ, ಒಂದಂಗುಲಕ್ಕಿಂತ ಗಿಡ್ಡ, ಒಳಗೆ ಬಣ್ಣದ ದ್ರವ, ಅದರಲ್ಲೊಂದು ಪುಟ್ಟ ಗಾಳಿಗುಳ್ಳೆ. ನೀರಿನ ಬಾಯಿಗೆ ಹಾಕಿದ ಮುಚ್ಚಳವನ್ನು ಒತ್ತಿ ಹಿಡಿದಿರುವುದು ಅದೇ. ಬಿಸಿ ಏರಿದರೆ ದ್ರವ ಹಿಗ್ಗುತ್ತದೆ, ಗುಳ್ಳೆ ಮಾಯವಾಗುತ್ತದೆ, ಗಾಜು ಒಡೆಯುತ್ತದೆ, ಮುಚ್ಚಳ ಹಾರಿ ನೀರು ಬರುತ್ತದೆ. ಕಾದ ಹೆಡ್ಡು ಮಾತ್ರ ಒಡೆಯುತ್ತದೆ. ಒಂದು ಕಡೆ ಹೊಗೆ ಎದ್ದರೆ ಕಟ್ಟಡವೆಲ್ಲ ಮಳೆ ಸುರಿಯುವುದು ಸಿನಿಮಾದಲ್ಲಿ. ಕಿತ್ತಳೆ ಬಣ್ಣದ್ದು ಐವತ್ತೇಳಕ್ಕೆ ಒಡೆಯುತ್ತದೆ, ಕೆಂಪು ಅರವತ್ತೆಂಟಕ್ಕೆ, ಹಳದಿ ಎಪ್ಪತ್ತೊಂಬತ್ತಕ್ಕೆ, ಹಸಿರು ತೊಂಬತ್ಮೂರಕ್ಕೆ, ನೀಲಿ ನೂರ ನಲವತ್ತೊಂದಕ್ಕೆ. ಮದುವೆಯಾದ ಹೊಸದರಲ್ಲಿ ಬೇರೆಯವರ ಗಂಡಂದಿರು ಹೆಂಡತಿಯ ಕಣ್ಣಿನ ಬಣ್ಣ ಹೊಗಳುತ್ತಿದ್ದರೆ, ನನ್ನವರು ನನಗೆ ಇದನ್ನು ಬಾಯಿಪಾಠ ಮಾಡಿಸಿದರು. ಹಾಸ್ಟೆಲಿನ ಕೋಣೆಗಳಿಗೆಲ್ಲ ಕೆಂಪು ಹಾಕಿದ್ದರು. ಅಡುಗೆಮನೆಯಲ್ಲಿ ಒಲೆಗಳ ಶಾಖಕ್ಕೆ ಸೂರು ದಿನವೂ ಕಾಯುವುದರಿಂದ ಅಲ್ಲಿ ಹಸಿರು. ಇಲ್ಲದಿದ್ದರೆ ಸಾರು ಕುದಿಸುವಾಗಲೇ ಸಾರಿನ ಮೇಲೆ ನೀರು ಬಿದ್ದೀತು.

ಈ ವರ್ಷ ಭಾವನಿಗೆ ಸೊಗಸಿನ ಹುಚ್ಚು ಹಿಡಿಯಿತು. ಯಾವುದೋ ಕಾಫಿ ಅಂಗಡಿಯಲ್ಲಿ ಕಪ್ಪು ಸೂರು ನೋಡಿ ಬಂದವನು, ಪೇಂಟರನ್ನು ಕರೆಸಿ ಹಾಸ್ಟೆಲಿನ ಸೂರಿಗೆಲ್ಲ ಕಪ್ಪು ಸ್ಪ್ರೇ ಹೊಡೆಸಿದ. ಪೈಪು, ಹೆಡ್ಡು, ಬಲ್ಬು, ಒಂದನ್ನೂ ಬಿಡಲಿಲ್ಲ. ಆಫೀಸು ಕೋಣೆಯ ಬಿಲ್ಲೆಗಳ ಅಂಚಿಗೆ ಪುಟ್ಟಿ ಮೆತ್ತಿ ಸೂರಿಗೇ ಅಂಟಿಸಿಬಿಟ್ಟಿದ್ದರು. ವರ್ಷದ ತಪಾಸಣೆಗೆ ಹೋಗಿ, ಮೇಲಿನ ಮನೆಯೊಂದನ್ನು ಬಿಟ್ಟು ಎಲ್ಲ ನೋಡಿದ ನನ್ನ ಗಂಡ ಮನೆಗೆ ಬಂದು ಊಟಕ್ಕೆ ಕೂತವರು ತಟ್ಟೆಯನ್ನೇ ದೂರ ತಳ್ಳಿದರು.

"ನೂರಾ ಹದಿನಾಲ್ಕು ಹೆಡ್ಡು ಹಾಳು ಮಾಡಿದಾನೆ ಕಣೇ. ಎಲ್ಲಾ ಬದಲಾಯಿಸ್ಬೇಕು ಅಂತ ಬರೆದು ಬಂದೆ."

"ಥಿನ್ನರ್‌ನಲ್ಲಿ ಒರೆಸಿದ್ರೆ ಆಗಲ್ವೇನ್ರೀ?"

"ಭಾವನೂ ಅದನ್ನೇ ಕೇಳಿದ. ಆಗಲ್ಲ. ಬಣ್ಣ ಬಲ್ಬಿಗೆ ಕಂಬಳಿ ಹೊದಿಸಿದ ಹಾಗೆ, ಬಿಸಿ ತಡವಾಗಿ ತಾಗತ್ತೆ. ಬಲ್ಬು ಒಡೆದ್ರೂ ಮುಚ್ಚಳ ಬಣ್ಣಕ್ಕೆ ಅಂಟ್ಕೊಂಡು ಕೂತಿರಬಹುದು. ಕೆರೆಯಕ್ಕೆ ಹೋದ್ರೆ ಗಾಜಿಗೆ ಗೀರು ಬೀಳತ್ತೆ, ಥಿನ್ನರ್ ಹಾಕಿದ್ರೆ ಸಂದಿಯೊಳಗೆ ಇಳಿಯತ್ತೆ. ಬಣ್ಣ ತಾಗಿದ ಹೆಡ್ಡು ಸತ್ತ ಹಾಗೇನೇ. ಪೇಂಟ್ ಹೊಡಿಯೋ ಮುಂಚೆ ಒಂದೊಂದಕ್ಕೂ ಕವರ್ ಕಟ್ಟಿ, ಮುಗಿದ ತಕ್ಷಣ ಬಿಚ್ಚಿದ್ರೆ ಆಗ್ತಿತ್ತು. ಅದಕ್ಕೂ ಸೋಮಾರಿತನ."

ಹತ್ತು ದಿನ ಕಳೆದ ಮೇಲೆ ಭಾವನ ಫೋನು. ಎಲ್ಲ ಹೊಸದು ಹಾಕಿಸಿದ್ದೇನೆ, ಬಂದು ಸಹಿ ಹಾಕು, ಊಟಕ್ಕೆ ಇಬ್ಬರೂ ಬನ್ನಿ ಅಂದ. ಊಟದ ಆಸೆಗಲ್ಲ, ಅತ್ತಿಗೆಯ ಮೇಲಿನ ಪ್ರೀತಿಗೆ ನಾನೂ ಹೊರಟೆ.

ಭಾನುವಾರ ಮಧ್ಯಾಹ್ನದ ಹೊತ್ತು. ಕೋಣೆಗಳಲ್ಲಿ ಕತ್ತೆತ್ತಿ ನೋಡಿದರೆ ಕಪ್ಪು ಸೂರಿನ ನಡುವೆ ಕೆಂಪು ಬಲ್ಬುಗಳು ಫಳಫಳ ಹೊಳೆಯುತ್ತಿದ್ದವು. ನನಗೇನೋ ಚೆನ್ನಾಗಿಯೇ ಕಂಡಿತು. ನನ್ನ ಗಂಡ ಕತ್ತೆತ್ತಿಕೊಂಡೇ ಮುಂದೆ ನಡೆದರು. ಅಡುಗೆಮನೆಗೆ ಬಂದು ಒಲೆಗಳ ಮೇಲೆ ನೋಡಿದವರು ಅಲ್ಲೇ ನಿಂತರು. ಅಲ್ಲೂ ಕೆಂಪು.

"ಇಲ್ಲಿ ನಾನು ಹಸಿರು ಹಾಕಿದ್ದೆ," ಅಂದರು.

"ಕೆಂಪು ಸಿಕ್ತು, ಹಾಕಿಸ್ದೆ. ಎಲ್ಲಾ ಒಂದೇ ಬಣ್ಣ ಇದ್ರೆ ಲಕ್ಷಣ," ಎಂದ ಭಾವ, ಹಲ್ಲು ಕಡ್ಡಿಯಲ್ಲಿ ಹಲ್ಲು ಕೆದಕುತ್ತ.

ನನ್ನ ಗಂಡ ಏಣಿ ತರಿಸಿ ಹತ್ತಿದರು. ಕೆಳಗೆ ಅತ್ತಿಗೆ ಏಣಿ ಹಿಡಿದುಕೊಂಡರು. ಇವರು ಬಲ್ಬಿಗೆ ಟಾರ್ಚು ಬಿಟ್ಟು ತುಂಬ ಹೊತ್ತು ನೋಡಿದರು. ಗಾಳಿಗುಳ್ಳೆ ಕಾಣಲೇ ಇಲ್ಲ. ಉಗುರಿನಿಂದ ಮೆಲ್ಲಗೆ ಕೆರೆದರು. ಕೆಂಪು ಚಕ್ಕೆಯಾಗಿ ಎದ್ದಿತು, ಅದರ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಹಸಿರು. ಏಣಿಯ ಮೇಲಿಂದಲೇ ಆ ಚಕ್ಕೆಯನ್ನು ಮೂಸಿದರು.

"ಉಗುರು ಬಣ್ಣ," ಅಂದರು.

ನಾನು ಅತ್ತಿಗೆಯ ಕೈ ನೋಡಿದೆ. ಜೀವಮಾನದಲ್ಲಿ ಉಗುರಿಗೆ ಬಣ್ಣ ಹಚ್ಚಿದವರಲ್ಲ. ಏಣಿ ಹಿಡಿದ ಹೆಬ್ಬೆರಳಿನ ಸಂದಿಯಲ್ಲಿ ಕೆಂಪು ಮೆತ್ತಿಕೊಂಡಿತ್ತು. ಸತ್ತ ಹೆಡ್ಡಿಗೆ ಸಿಂಗಾರ ಮಾಡಿಸಿದ್ದಾನೆ, ಅದೂ ಹೆಂಡತಿಯ ಕೈಯಲ್ಲಿ, ಅವಳ ತಮ್ಮನನ್ನೇ ಯಾಮಾರಿಸಲಿಕ್ಕೆ. ಥೂ, ಇವನ ಜನ್ಮಕ್ಕಿಷ್ಟು.

ಅವನಿಗೆ ನಾಚಿಕೆಯೂ ಆಗಲಿಲ್ಲ. "ಹೋಗ್ಲಿ ಬಿಡಯ್ಯ, ನೋಡಕ್ಕೆ ಸರಿಯಿದೆ ತಾನೆ. ಇಷ್ಟು ವರ್ಷದಲ್ಲಿ ಇಲ್ಲಿ ಒಂದು ಬೆಂಕಿಕಡ್ಡಿನೂ ಜಾಸ್ತಿ ಉರಿದಿಲ್ಲ. ನಿನ್ನ ಸಹಿ ಇಲ್ಲ ಅಂದ್ರೆ ಹಾಸ್ಟೆಲ್ ಮುಚ್ಚಿಸ್ತಾರೆ, ನಿಮ್ಮಕ್ಕನೇ ಬೀದಿಗೆ ಬರ್ತಾಳೆ. ನೀನೇ ಯೋಚನೆ ಮಾಡು."

ನನ್ನ ಗಂಡ ಇಳಿದು ಬಂದರು. ಅತ್ತಿಗೆ ಅವರ ತೋಳು ಹಿಡಿದುಕೊಂಡರು.

"ತಮ್ಮಾ, ಇದೊಂದು ಸಲ ಹಾಕ್ಬಿಡು. ಮುಂದಿನ ವರ್ಷದೊಳಗೆ ನಾನೇ ಹಠ ಹಿಡಿದು ಎಲ್ಲಾ ಬದಲಾಯಿಸ್ತೀನಿ. ನಿನ್ನ ಹತ್ರ ಇಲ್ಲೀವರೆಗೂ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ, ನಿಜ. ಅದೇ ನನ್ನ ಭಯ. ಪಕ್ಕದ ಹಾಲಿನಲ್ಲಿ ಹುಡುಗಿಯರು ಊಟಕ್ಕೆ ಬಂದು ಕೂರುತ್ತಿದ್ದರು, ಯಾರೋ ಯಾವುದಕ್ಕೋ ನಗುತ್ತಿದ್ದರು. ನನ್ನ ಗಂಡ ವರದಿಯ ಹಾಳೆ ತೆಗೆದು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಇವರು ಸಹಿ ಹಾಕಿಬಿಡುತ್ತಾರೆ ಅಂತಲೇ ಅಂದುಕೊಂಡೆ.

"ಕೈಗೆಲ್ಲಾ ಬಣ್ಣ ಆಗಿದೆ. ತೊಳ್ಕೊಂಡು ಬರ್ತೀನಿ," ಅಂದರು.

ಕೆಳಗಿನ ನಲ್ಲಿಯಲ್ಲಿ ಹುಡುಗಿಯರ ಸಾಲು. ನಾವೆಲ್ಲ ಮೇಲಿನ ಮನೆಗೆ ಹತ್ತಿದೆವು. ಕೈ ತೊಳೆದು ಟವೆಲ್ಲಿಗೆ ಒರೆಸುತ್ತ ನನ್ನ ಗಂಡ, ಅಭ್ಯಾಸಬಲ, ಕತ್ತೆತ್ತಿದರು. ಅಲ್ಲಿನ ಸೂರಿಗೂ ಹೊಸ ಬಣ್ಣ ಬಿದ್ದಿತ್ತು, ಬಿಳಿ. ಹೆಡ್ಡಿನ ಹಿತ್ತಾಳೆ ಮಾತ್ರ ಹೊಳೆಯುತ್ತಿತ್ತು. ಟಾರ್ಚು ಬಿಟ್ಟರು. ಕೆಂಪು ದ್ರವದೊಳಗೆ ಗಾಳಿಗುಳ್ಳೆ ನನಗೇ ಕಾಣುವಷ್ಟು ಸ್ಪಷ್ಟವಾಗಿತ್ತು. ಮಲಗುವ ಕೋಣೆಗೆ ಹೋಗಿ ನೋಡಿದರು. ಅಲ್ಲೂ ಹಾಗೇ.

"ಭಾವ, ಇಲ್ಲಿ ಹೆಡ್ಡಿಗೆ ಬಣ್ಣ ಬಿದ್ದಿಲ್ಲವಲ್ಲ?"

"ಬೀಳತ್ತಾ ಮತ್ತೆ? ನಾನೇ ನಿಂತು ಒಂದೊಂದಕ್ಕೂ ಕವರ್ ಕಟ್ಟಿಸಿದೀನಿ. ತಾಗಬಾರದು ಅಂತ ನೀನೇ ವರ್ಷವರ್ಷ ಹೇಳ್ತಿದ್ಯಲ್ಲ."

"ಹಾಗಾದ್ರೆ ಕೆಳಗೆ ಯಾಕೆ ಕಟ್ಟಿಸ್ಲಿಲ್ಲ?"

"ಅಯ್ಯೋ, ನೂರು ಹೆಡ್ಡಿಗೆ ಯಾವನು ಕಟ್ತಾ ಕೂರ್ತಾನೆ. ಕೆಳಗಿರೋರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಇದು ಮನೆ ಕಣಯ್ಯ."

ಎಷ್ಟು ಸಲೀಸಾಗಿ ಅಂದ ಅಂದರೆ, ಹಾಲಿಗೆ ಸಕ್ಕರೆ ಎಷ್ಟು ಬೇಕು ಅಂತ ಹೇಳಿದ ಹಾಗೆ. ಗೊತ್ತಿಲ್ಲದೆ ಮಾಡಿದವನನ್ನು ಬೈದು ಸುಮ್ಮನಾಗಬಹುದು. ಇವನಿಗೆ ಎಲ್ಲ ಗೊತ್ತಿತ್ತು. ಆ ಮನುಷ್ಯ ಉಣ್ಣುವ ಮೇಜಿನಲ್ಲಿ ಕೂತು ಒಂದು ಲೋಟ ನೀರು ಕುಡಿಯಲೂ ನನಗೆ ಅಸಹ್ಯವಾಯಿತು.

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಮನೆಗೆ ಬಣ್ಣ ಹೊಡೆಯುವಾಗ ಅವರು ಊರಲ್ಲಿರಲಿಲ್ಲ, ಮೇಲೆ ಕವರ್ ಕಟ್ಟಿಸಿದ್ದು ಅವರಿಗೆ ಗೊತ್ತಿರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಗಂಡನನ್ನು ಒಂದು ಸಲ ನೋಡಿದರು, ಆಮೇಲೆ ತಮ್ಮನ ಹತ್ತಿರ ಬಂದರು.

"ಬರಿ," ಅಂದರು.

"ಏನಂತ ಅಕ್ಕಾ?"

"ಇರೋದನ್ನೇ ಬರಿ. ಒಂದೂ ಬದಲಾಯಿಸಿಲ್ಲ ಅಂತ. ಉಗುರು ಬಣ್ಣ ಹಚ್ಚಿದ್ದು ನಾನು ಅಂತ. ಮನೆಗೆ ಮಾತ್ರ ಕವರ್ ಕಟ್ಟಿಸಿದ್ದು ಯಾರು ಅಂತ್ಲೂ ಬರಿ."

ಭಾವ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಕೈ ಎತ್ತಿ ತಡೆದರು. ಮೂವತ್ತು ವರ್ಷದ ಸಂಸಾರದಲ್ಲಿ ಅದು ಮೊದಲ ಸಲ ಇರಬೇಕು. ನನ್ನ ಗಂಡ ಅಲ್ಲೇ ನಿಂತು, ಹಾಳೆಯನ್ನು ಗೋಡೆಗೆ ಒತ್ತಿಕೊಂಡು ಬರೆದರು. ಬರೆದದ್ದನ್ನು ಅತ್ತಿಗೆ ಪೂರ್ತಿ ಓದಿಸಿಕೊಂಡು, ಹಾಳೆ ಇಸಿದುಕೊಂಡು ಮೆಟ್ಟಿಲಿಳಿದರು. ನಾವು ಹಿಂದೆಯೇ ಇಳಿದೆವು. ಊಟದ ಹಾಲಿನ ನಡುವೆ ನಿಂತು, ಕೈಯಲ್ಲಿ ತುತ್ತು ಹಿಡಿದ ಅಷ್ಟೂ ಹುಡುಗಿಯರಿಗೆ ಕೇಳುವ ಹಾಗೆ ಅವರು ಹೇಳಿದರು:

"ನಿಮ್ಮ ತಲೆ ಮೇಲಿರೋದು ಯಾವುದೂ ಕೆಲಸ ಮಾಡಲ್ಲ ಮಕ್ಕಳೇ. ಹಾಳು ಮಾಡಿದ್ದು ನಾವು. ಊಟ ಮುಗಿಸಿ, ಬಟ್ಟೆ ಕಟ್ಕೊಂಡು, ಕತ್ತಲಾಗೋದ್ರೊಳಗೆ ನಿಮ್ಮ ನಿಮ್ಮವರ ಮನೆಗೆ ಹೊರಡಿ."